ಮೇಷ್ಟರ ನಾಲ್ಕು ಸಾಲ ಒಂದಾದದ್ದು

ಮಂಡ್ಯದ ನಮ್ಮ ಸಹಕಾರ ಸಂಘದ ಜಗುಲಿಯ ಮೇಲೆ, ಬಾಗಿಲಿಗೆ ಎರಡು ಮಾರು ದೂರದಲ್ಲಿ, ಕಂಬಕ್ಕೆ ಬೆನ್ನು ಕೊಟ್ಟು ನಾನು ನಿಂತಿದ್ದೆ. ಮಂಡ್ಯ ಇನ್ನೂ ಜಿಲ್ಲೆಯಾಗಿರಲಿಲ್ಲ. ಸಂಬಳವಾದ ಮಾರನೆಯ ಬೆಳಿಗ್ಗೆ. ನಾನು ಕಂಡದ್ದನ್ನು ಮಾತ್ರ ಬರೆಯುತ್ತೇನೆ.

ಸಾಲ ನನ್ನದಲ್ಲ, ನಾನು ಪಾಠ ಹೇಳುತ್ತಿದ್ದ ಶಾಲೆಯ ಹಿರಿಯ ಮೇಷ್ಟರದು. ಪಠಾಣನೊಬ್ಬನಿಗೆ ನಲವತ್ತು ರೂಪಾಯಿ, ರೂಪಾಯಿಗೆ ತಿಂಗಳಿಗೆ ಒಂದಾಣೆ ಬಡ್ಡಿ. ಜವಳಿ ಅಂಗಡಿಗೆ ಇಪ್ಪತ್ತೈದು, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಯಂತೆ. ಎರಡಕ್ಕೂ ಸೇರಿ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯೇ ಹೋಗುತ್ತಿತ್ತು, ಅಸಲು ಇದ್ದಲ್ಲೇ ಇತ್ತು. ಪಠಾಣ ಪ್ರತಿ ತಿಂಗಳೂ ದೊಣ್ಣೆ ಊರಿಕೊಂಡು ಅವರ ಮನೆ ಜಗುಲಿಯ ಮೇಲೆ ಕೂರುತ್ತಿದ್ದ. ಬೈಯುತ್ತಿರಲಿಲ್ಲ, ಸುಮ್ಮನೆ ಕೂರುತ್ತಿದ್ದ. ಮೇಷ್ಟರು ಹಿತ್ತಿಲ ಬಾಗಿಲಿಂದ ಶಾಲೆಗೆ ಬರುತ್ತಿದ್ದರು. ಅವನು ಇನ್ನೊಂದು ಸಲ ಬಂದು ಕೂತರೆ ಮಕ್ಕಳನ್ನು ಕರೆದುಕೊಂಡು ಮಳವಳ್ಳಿಯ ತವರಿಗೆ ಹೋಗುವುದಾಗಿಯೂ, ಮತ್ತೆ ಬರುವುದಿಲ್ಲವೆಂದೂ ಅವರ ಹೆಂಡತಿ ಹೇಳಿದ್ದರು. ಆ ಬೆಳಿಗ್ಗೆ ಆಕೆ ಟ್ರಂಕಿನ ಸಮೇತ ಸಂಘದ ಎದುರು ಜಟಕಾದಲ್ಲಿ ಕೂತಿದ್ದರು. ಪಠಾಣನ ಕೈಗೆ ದುಡ್ಡು ಬೀಳುವುದನ್ನು ಕಣ್ಣಾರೆ ನೋಡಬೇಕಿತ್ತು, ಇಲ್ಲವಾದರೆ ಬಸ್ಸು.

ಸಂಘದಲ್ಲಿ ಬಡ್ಡಿ ನೂರಕ್ಕೆ ವರ್ಷಕ್ಕೆ ಒಂಬತ್ತು. ಮೇಷ್ಟರು ಎಲ್ಲ ಸಾಲವನ್ನೂ, ದಿನಸಿ ಅಂಗಡಿಯ ಬಾಕಿಯನ್ನೂ ಸೇರಿಸಿ ನೂರು ರೂಪಾಯಿಗೆ ಅರ್ಜಿ ಕೊಟ್ಟಿದ್ದರು. ಶಾಲೆಯ ಇಬ್ಬರು ಜಾಮೀನಾಗಿದ್ದರು. ಆದರೆ ನಮ್ಮ ಸಂಘದ ಕಾರ್ಯದರ್ಶಿಗಳಿಗೆ ಒಂದು ಪದ್ಧತಿಯಿತ್ತು. ಹಳೆಯ ಸಾಲ ತೀರಿಸಲು ಕೊಟ್ಟ ಹಣವನ್ನು ಸಾಲಗಾರನ ಕೈಗೆ ಕೊಡುತ್ತಿರಲಿಲ್ಲ. ಸಾಲ ಕೊಟ್ಟವರನ್ನೇ ಜಗುಲಿಗೆ ಕರೆಸಿ, ಎಣಿಸಿ ಕೊಟ್ಟು, ಸಾಲಪತ್ರ ಹರಿದುಹಾಕಿಸುತ್ತಿದ್ದರು. ಇದು ಮೇಷ್ಟರಿಗೆ ತಡವಾಗಿ ಗೊತ್ತಾಯಿತು. ಅವರಿಗೆ ಒಂದು ಹಳೆಯ ಸೈಕಲ್ಲಿನ ಮೇಲೆ ಕಣ್ಣಿತ್ತು, ನೂರರಲ್ಲಿ ಹದಿನೈದು ಅದಕ್ಕೆಂದೇ ಇತ್ತು. ಹಾಗಾಗಿ ನನ್ನನ್ನೂ ಸಾಲ ಕೊಟ್ಟವನನ್ನಾಗಿ ಮಾಡಿ, ಆ ಹದಿನೈದನ್ನು ನನ್ನ ಹೆಸರಿಗೆ ಬರೆಸಿಬಿಟ್ಟಿದ್ದರು. ಜಗುಲಿ ಹತ್ತುವಾಗ ಕಿವಿಯಲ್ಲಿ ಹೇಳಿದರು, ಇಸಕೊಂಡು ಆಮೇಲೆ ನನಗೆ ಕೊಡು ಅಂತ. ನನ್ನ ಕೈಯಿಂದ ಅವರು ಒಂದು ಕಾಸೂ ಪಡೆದಿರಲಿಲ್ಲ.

ಮೊದಲು ಪಠಾಣ. ನಲವತ್ತನ್ನೂ ಎರಡು ಸಲ ಎಣಿಸಿಕೊಂಡು, ಒಳ್ಳೆಯ ಗಿರಾಕಿಯನ್ನು ಕಳೆದುಕೊಂಡವನಂತೆ ಮೇಷ್ಟರನ್ನು ನೋಡಿ, ಸಲಾಮು ಹೊಡೆದು ಹೋದ. ಜಟಕಾದ ಪರದೆ ಸ್ವಲ್ಪ ಸರಿಯಿತು. ಜವಳಿಯವನೂ ತನ್ನದನ್ನು ಪಡೆದು, ಹಬ್ಬಕ್ಕೆ ಹೊಸ ಪಂಚೆ ಬಂದಿವೆ ಎಂದ. ಹೊಸ ಉದ್ರಿ ಲೆಕ್ಕ ಶುರುವಾದರೆ ಈ ಸಾಲದಿಂದ ಒಂದು ಕಾಸಿನ ಉಪಯೋಗವೂ ಇಲ್ಲವೆಂದು ಕಾರ್ಯದರ್ಶಿಗಳು ಅವನೆದುರಿಗೇ ಹೇಳಿದರು.

ಮೂರನೆಯವರು ಹೊಳಲಿನ ದಿನಸಿ ಅಂಗಡಿಯ ಗೌಡರು. ಅವರಿಗೆ ಇಪ್ಪತ್ತು ರೂಪಾಯಿ ಬಾಕಿ. ಬಡ್ಡಿ ಎಷ್ಟೆಂದು ಕಾರ್ಯದರ್ಶಿಗಳು ಕೇಳಿದ್ದಕ್ಕೆ ಗೌಡರಿಗೆ ನಗು ಬಂತು.

“ಬಡ್ಡಿ ಯಾರ್ ಕೇಳಿದ್ರು ಸಾಮಿ? ಮೇಷ್ಟ್ರೇ, ಪುಕ್ಕಟೆ ಸಾಲ ತೀರ್ಸಕ್ಕೆ ಬಡ್ಡಿ ಸಾಲ ಮಾಡೀರಾ? ತಿಂಗ್ಳಿಗೆ ಎಲ್ಡ್ ರೂಪಾಯ್ ಕೊಟ್ಕೊಂಡು ಓಗಿ ಬುಡಿ. ಅಕ್ಕಿ ಮಾತ್ರ ನನ್ತಾವೇ ತಗಳಿ.”

ಕಾರ್ಯದರ್ಶಿಗಳು ಅರ್ಜಿಯಿಂದ ಇಪ್ಪತ್ತನ್ನು ಹೊಡೆದುಹಾಕಿದರು. ಆಮೇಲೆ ನನ್ನನ್ನು ಕರೆದರು. ಮೇಷ್ಟರು ಕಣ್ಣು ಮಿಟುಕಿಸಿದರು. ಜಟಕಾದ ಪರದೆ ಪೂರ್ತಿ ತೆರೆದಿತ್ತು.

“ಇವರು ನಿಮಗೆ ಹದಿನೈದು ರೂಪಾಯಿ ಕೊಡಬೇಕೇನ್ರೀ?”

ಇಲ್ಲವೆಂದರೆ ಹಿರಿಯರ ಮಾನ ಹೋಗುತ್ತದೆ. ಹೌದೆಂದರೆ ರುಜು ಹಾಕಬೇಕು.

“ಕೊಡಬೇಕಾದ್ದು ಏನಾದರೂ ಇದ್ದರೆ, ಈಗ ಬಿಟ್ಟಿದ್ದೀನಿ ಸಾರ್,” ಎಂದೆ.

ಕಾರ್ಯದರ್ಶಿಗಳು ಹದಿನೈದನ್ನೂ ಹೊಡೆದುಹಾಕಿದರು. ನಗಲಿಲ್ಲ. ಇಂಥ ಸ್ನೇಹಿತರು ಸಿಗುವುದು ಕಷ್ಟವೆಂದೂ, ಇವರಿಗೆ ಒಂದು ನಮಸ್ಕಾರ ಹಾಕಿ ಎಂದೂ ಮೇಷ್ಟರಿಗೆ ಹೇಳಿದರು. ಮೇಷ್ಟರು ಎದ್ದು, ಎಲ್ಲರೆದುರು ನನಗೆ ಕೈಮುಗಿದರು. ಕಣ್ಣಿನಲ್ಲೇ ನನ್ನನ್ನು ಸುಟ್ಟರು.

ನಿಂತದ್ದು ಅರವತ್ತೈದು. ಮೇಷ್ಟರು ಮೂರು ವರ್ಷದ ಕಂತು ಕೇಳಿದರು. ಕಂತು ಎಳೆದಷ್ಟೂ ಬಡ್ಡಿ ಬೆಳೆಯುತ್ತದೆಂದು ಕಾರ್ಯದರ್ಶಿಗಳು ಹದಿಮೂರು ತಿಂಗಳು ಮಾಡಿದರು: ತಿಂಗಳಿಗೆ ಐದು ರೂಪಾಯಿ ಅಸಲು, ಉಳಿದ ಅಸಲಿಗಷ್ಟೇ ಬಡ್ಡಿ. ಮೊದಲ ತಿಂಗಳು ಅದು ಎಂಟಾಣೆಯೂ ಆಗುವುದಿಲ್ಲ.

“ಮೂರು ಹೋಗ್ತಿತ್ತು, ಈಗ ಐದೂವರೆ ಹೋಗುತ್ತಲ್ಲ ಸ್ವಾಮಿ. ಇದು ಭಾರ ಇಳಿಸೋದೇ?”

“ಆ ಮೂರು ನೀವಿರೋವರೆಗೂ ಹೋಗ್ತಾನೇ ಇರ್ತಿತ್ತು ಮೇಷ್ಟ್ರೇ. ಇದು ಬರೋ ವರ್ಷ ನಿಂತುಹೋಗುತ್ತೆ. ಎಲ್ಲಾ ಬಡ್ಡಿ ಸೇರಿದ್ರೂ ಮೂರೂವರೆ ದಾಟಲ್ಲ.”

ಅಷ್ಟು ಹೊತ್ತಿಗೆ ಜಟಕಾದಿಂದ ದನಿ ಬಂತು. ಮೇಷ್ಟರ ಹೆಂಡತಿ ಗಾಡಿಯವನಿಗೆ ಟ್ರಂಕನ್ನು ಮನೆಗೆ ತಿರುಗಿಸಲು ಹೇಳುತ್ತಿದ್ದರು. ಹೋಗುವಾಗ ನನ್ನನ್ನು ಊಟಕ್ಕೆ ಕರೆದರು. ಅಷ್ಟು ದುಡ್ಡು ಬಿಟ್ಟುಕೊಟ್ಟವರಿಗೆ ಒಂದು ಹೋಳಿಗೆಯಾದರೂ ಬೇಡವೇ ಎಂದರು. ಮೇಷ್ಟರೇ ಬಡಿಸಬೇಕಾಯಿತು. ತುಪ್ಪ ಹಾಕಲಿಲ್ಲ.

ಆ ಬೆಳಿಗ್ಗೆಯನ್ನು ಕಂಡವರಲ್ಲಿ ಈಗ ಕಾರ್ಯದರ್ಶಿಗಳಿಲ್ಲ, ಗೌಡರಿಲ್ಲ, ಮೇಷ್ಟರೂ ಇಲ್ಲ. ಮದ್ದೂರಿನಲ್ಲಿ ಮಗಳ ಮನೆಯಲ್ಲಿ ಮೇಷ್ಟರ ಹೆಂಡತಿ ಇದ್ದಾರೆ. ಆ ಹದಿನೈದು ರೂಪಾಯಿ ನಾನು ನಿಜವಾಗಿ ಕೊಟ್ಟಿದ್ದೆನೆಂದೇ ಅವರು ಇವತ್ತಿಗೂ ನಂಬಿದ್ದಾರೆ.