ಮೊದಲಿನ ಕಂದು

ಬಂಗಾರಪೇಟೆಯ ನನ್ನ ಪಾರ್ಲರಿಗೆ ಚಿನ್ನದ ಗಣಿಯೂರಾದ ಕೋರಮಂಡಲ್‌ನ ತಾಯಿಯೊಬ್ಬಳು ಮಗಳನ್ನು ಎಳೆದುಕೊಂಡು ಬಂದಳು. ಮತ್ತೆ ಮತ್ತೆ ಬ್ಲೀಚ್ ಮಾಡಿಸಿ ಹುಡುಗಿಯ ಕೂದಲು ಅಲ್ಲಿನ ಗಣಿ ಕಸದ ಸೈನೈಡ್ ದಿಬ್ಬದ ಮಣ್ಣಿನಂತೆ ಬಿಳಿಚಿಕೊಂಡಿತ್ತು.

"ಮೊದ್ಲು ಎಂಗಿತ್ತೋ ಅಂಗೇ ಮಾಡಿಕೊಡಮ್ಮಾ," ಅಂದಳು ತಾಯಿ.

ಅಂಥ ಕೂದಲಿಗೆ ನೇರವಾಗಿ ಕಂದು ಹಚ್ಚಿದರೆ ಹಸಿರಿಗೆ ತಿರುಗುತ್ತದೆ. ಅವಸರದವರು ಕೆಡಿಸುವುದು ಅಲ್ಲೇ. ಕೂದಲನ್ನೆಲ್ಲ ತೆಳುವಾದ ಎಳೆಗಳಾಗಿ ಬಿಡಿಸಿ, ಮೊದಲು ತಾಮ್ರದ ಬಣ್ಣ ಕುಡಿಸಿ, ಅದರ ಮೇಲೆ ಕಂದು ಹಚ್ಚಿ ಫಾಯಿಲಿನಲ್ಲಿ ಸುತ್ತಿದೆ.

ತೊಳೆದು ಒಣಗಿಸಿದ ಮೇಲೂ ಹುಡುಗಿ ಕನ್ನಡಿ ನೋಡಲಿಲ್ಲ. "ಇದ್ಕೇ ಆಂಟಿ, ನಾನು ಬೆಳ್ಳಗೆ ಮಾಡಿಸ್ಕೊಂಡಿದ್ದು. ಇಂಗಿದ್ರೆ ಸತ್ತೋದ ಅಕ್ಕನಂಗೇ ಕಾಣ್ತೀನಿ," ಎಂದು ಪಿಸುಗುಟ್ಟಿದಳು.

ಬಾಗಿಲಲ್ಲಿ ನಿಂತ ತಾಯಿ, ಹುಡುಗಿ ನನಗೆ ಹೇಳಿದ್ದ ಹೆಸರು ಬಿಟ್ಟು, ಸತ್ತವಳ ಹೆಸರು ಹಿಡಿದು ಕರೆದಳು.

ಹುಡುಗಿ ಕುರ್ಚಿಯಿಂದ ಎದ್ದಳು. "ಬಂದೆ, ಅಮ್ಮಾ."