ಚಾವಣಿ ಸೋಲಾರ್ ಬಗ್ಗೆ ನಾನು ಹೇಳದೆ ಬಿಟ್ಟ ಮಾತು

ಮನೆ ಮೇಲೆ ಸೋಲಾರ್ ಹಾಕುವ ನನ್ನ ಕಸುಬಿನಲ್ಲಿ ಬಣ್ಣದ ಮಾತಿಗೆ ಬರವಿಲ್ಲ. ‘ಬಿಲ್ಲೇ ಬರಲ್ಲ, ಎರಡೇ ವರ್ಷಕ್ಕೆ ದುಡ್ಡು ವಾಪಸ್’ ಎನ್ನುವವರ ಮೇಲಿನ ಸಿಟ್ಟಿಗೇ ನಾನು ನಿಜವಷ್ಟನ್ನೇ ಒಂದು ಹಾಳೆಯಲ್ಲಿ ಬರೆದುಕೊಂಡು ಗಿರಾಕಿಗಳಿಗೆ ಓದಿ ಹೇಳುತ್ತಿದ್ದೆ. ಆ ಹಾಳೆಯ ಬಗ್ಗೆ ಜಂಬವೂ ಇತ್ತು.

ಹೇರೋಹಳ್ಳಿಯ ಒಂದು ಮನೆಯಲ್ಲೂ ಓದಿದೆ. ಆ ಮನೆಯ ಯಜಮಾನರಿಗೆ ಶ್ವಾಸಕೋಶದ ಕಾಯಿಲೆ. ಆಕ್ಸಿಜನ್ ಕೊಡುವ ಕರೆಂಟಿನ ಮೆಷಿನ್ನು ಹಗಲೂ ರಾತ್ರಿ ಓಡುತ್ತಿತ್ತು. ಕರೆಂಟ್ ಹೋದರೆ ಇರಲಿ ಎಂದು ಬ್ಯಾಟರಿಯ ಯುಪಿಎಸ್ಸೂ ಒಂದು ಆಕ್ಸಿಜನ್ ಸಿಲಿಂಡರೂ ಇದ್ದವು. ಬಿಲ್ಲು ತಿಂಗಳಿಗೆ ಎರಡೂವರೆ ಸಾವಿರ ಎಂದು ಅವರ ಹೆಂಡತಿ ಅಲವತ್ತುಕೊಂಡರು.

“ಆಂಟಿ, ಮೂರು ಕಿಲೋವ್ಯಾಟ್‌ಗೆ ಸುಮಾರು ಎರಡು ಲಕ್ಷ. ಮೊದ್ಲು ಪೂರ್ತಿ ನೀವೇ ಹಾಕ್ಬೇಕು. ಮೀಟರ್ ಯಾರ ಹೆಸರಲ್ಲಿದೆಯೋ ಅವರ ಹೆಸರಲ್ಲೇ ಅರ್ಜಿ. ಪ್ಯಾನೆಲ್ ಕೂರಿಸಿ, ಮೀಟರ್ ಬದಲಾಯಿಸಿ, ಇಲಾಖೆಯೋರು ನೋಡಿ ಒಪ್ಪಿದ್ಮೇಲೆ ಸಬ್ಸಿಡಿ ಎಪ್ಪತ್ತೆಂಟು ಸಾವಿರ ನಿಮ್ಮ ಅಕೌಂಟ್‌ಗೇ ಬರುತ್ತೆ, ನನಗಲ್ಲ. ತಿಂಗಳಿಗೆ ಎರಡು ಸಾವಿರದ ಹತ್ರ ಉಳಿಯುತ್ತೆ, ಮಳೆಗಾಲದಲ್ಲಿ ಕಮ್ಮಿ. ಹಾಕಿದ ದುಡ್ಡು ಹುಟ್ಟೋಕೆ ಐದು ವರ್ಷ ಬೇಕು. ಬಿಲ್ ಸೊನ್ನೆ ಆಗಲ್ಲ.”

ಅವರು ಒಪ್ಪಿದರು. ಕೆಲಸ ಮುಗಿದು, ಸಬ್ಸಿಡಿಯೂ ಬಂತು.

ಒಂದು ಬೆಳಗ್ಗೆ ಅತ್ತಿಗುಪ್ಪೆಯ ಯಾರದೋ ಟೆರೇಸಿನಲ್ಲಿದ್ದಾಗ ಆ ಆಂಟಿಯ ಫೋನ್ ಬಂತು. “ಅಣ್ಣಾ, ಕರೆಂಟ್ ಹೋಗಿದೆ. ಇಷ್ಟು ಬಿಸಿಲಿದ್ರೂ ಸೋಲಾರ್ ನಿಂತೋಗಿದೆ!”

ನಿಲ್ಲಲೇಬೇಕು. ಲೈನಿನಲ್ಲಿ ಕರೆಂಟಿಲ್ಲದಿದ್ದಾಗ, ಬ್ಯಾಟರಿಯಿಲ್ಲದೆ ನೇರ ಲೈನಿಗೆ ಜೋಡಿಸಿದ ಇಂಥ ಸೋಲಾರ್ ತಾನಾಗಿ ನಿಲ್ಲುತ್ತದೆ. ಇಲ್ಲದಿದ್ದರೆ ಪ್ಯಾನೆಲ್ಲಿನ ಕರೆಂಟು ಲೈನಿಗೆ ಹರಿದು ಕಂಬದ ಮೇಲಿರುವ ಲೈನ್‌ಮ್ಯಾನ್‌ಗೆ ಶಾಕ್ ಹೊಡೆಯುತ್ತದೆ. ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಅದಕ್ಕೇ ಅದು ನನ್ನ ಹಾಳೆಯಲ್ಲಿರಲಿಲ್ಲ.

“ಯುಪಿಎಸ್ ಆನ್ ಮಾಡಿ ಆಂಟಿ.”

“ಸೋಲಾರ್ ಬಂತಲ್ಲಾಂತ ಹೋದ ವಾರ ಮಾರ್ಬಿಟ್ಟೆ.”

“ಸಿಲಿಂಡರ್?”

“ಇದೆ, ಮುಳ್ಳು ಕೆಂಪಿಗೆ ಬಂದಿದೆ, ಇನ್ನೇನು ಖಾಲಿ.”

ಆಂಬ್ಯುಲೆನ್ಸಿಗೆ ಫೋನ್ ಮಾಡಿ ನನ್ನ ಬೈಕ್ ಹತ್ತಿದೆ. ದಾರಿಯುದ್ದಕ್ಕೂ ಬಿಸಿಲಿನಲ್ಲಿ ಹೊಳೆಯುವ ಪ್ಯಾನೆಲ್ಲುಗಳು ಕಂಡಾಗಲೆಲ್ಲ ಒಬ್ಬ ಮನುಷ್ಯನನ್ನು ಕೊಂದುಬಿಟ್ಟೆನೇನೋ ಎಂಬ ಭಯ. ಹೇರೋಹಳ್ಳಿಯ ಗುಂಡಿಗಳಲ್ಲಿ ಎರಡು ಸಲ ಬೀಳುವವನಿದ್ದೆ. ಪ್ರತಿ ಸಿಗ್ನಲ್ಲಿನಲ್ಲೂ ಫೋನ್ ಮಾಡಿದೆ, ಅವರು ಎತ್ತಲಿಲ್ಲ.

ನಾನು ಹೋಗುವಷ್ಟರಲ್ಲಿ ಆಂಬ್ಯುಲೆನ್ಸ್ ಬಂದಿತ್ತು. ಯಜಮಾನರನ್ನು ಅದರೊಳಗೆ ಮಲಗಿಸಿ ಆಕ್ಸಿಜನ್ ಹಾಕಿದ್ದರು. ಎದೆ ಏರಿಳಿಯುತ್ತಿತ್ತು. ನಾನು ಗೇಟು ಹಿಡಿದುಕೊಂಡು ನಿಂತೆ.

“ತಪ್ಪಾಯ್ತು ಆಂಟಿ. ಕರೆಂಟ್ ಹೋದ್ರೆ ಇದೂ ನಿಲ್ಲುತ್ತೆ ಅಂತ ನಾನು ಹೇಳ್ಬೇಕಿತ್ತು.”

ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಬೇರೆ ಸೋಲಾರ್‌ನೋರು ದೊಡ್ಡದಾಗಿ ಹೇಳಿದ್ರು, ಅವರನ್ನ ನೂರು ಪ್ರಶ್ನೆ ಕೇಳ್ದೆ,” ಎಂದರು ಆಂಬ್ಯುಲೆನ್ಸ್ ಹತ್ತುತ್ತಾ. “ನೀವು ಕಷ್ಟಾನೂ ಬಿಡಿಸಿ ಹೇಳಿದ್ರಿ. ಅದಕ್ಕೇ ನಿಮ್ಮನ್ನ ಏನೂ ಕೇಳ್ಲಿಲ್ಲ.”