ಏಳನೇ ನಂಬರಿನವನೂ ಹಸಿರು ಸೀರೆಯವಳೂ

ಮೊಮ್ಮಗಳ ಕೈಗೆ ಸೀಟಿ ಬಂದ ದಿನದಿಂದಲೇ ನನಗೆ ಅನುಮಾನ. ಹದಿನಾರು ವರ್ಷದ ಹುಡುಗಿಯನ್ನು ಮೀಸೆ ಹೊತ್ತ ಗಂಡಸರ ಕಬಡ್ಡಿಗೆ ರೆಫರಿ ಮಾಡುತ್ತಾರೆಂದರೆ, ತಮಗೇನೋ ಅನುಕೂಲ ಕಂಡೇ ಮಾಡುತ್ತಾರೆ. ಸುಮ್ಮನೆ ಯಾರು ಯಾರಿಗೆ ಏನು ಕೊಟ್ಟಿದ್ದಾರೆ?

ಅವಳು ಮೊದಲು ತಾನೇ ಆಡುತ್ತಿದ್ದಳು. ಮೊಣಕಾಲು ಕೆಟ್ಟ ಮೇಲೆ ರಾಯಚೂರಿನ ಅವಳ ಶಾಲೆಯ ಪಿ.ಟಿ. ಮಾಸ್ತರು ಅವಳನ್ನು ಅಂಕ ಬರೆಯಲು ಕೂರಿಸಿದರು. ಆಮೇಲೆ ಗೆರೆ ಕಾಯಲು ನಿಲ್ಲಿಸಿದರು. ಆಮೇಲೆ ಸೀಟಿ. ಶಾಲೆಯ ಹುಡುಗಿಯರ ಆಟದಲ್ಲಿ ಎಲ್ಲ ಚೆನ್ನಾಗಿಯೇ ನಡೆಯಿತು. ನನ್ನ ಅನುಮಾನ ನಿಜವಾದದ್ದು ನೀರಮಾನ್ವಿಯಲ್ಲಿ, ಗಂಡಸರ ಆಟದಲ್ಲಿ.

ಅಲ್ಲಿ ದಾಳಿಗೆ ಹೋದವನೊಬ್ಬ ಯಾರನ್ನೂ ಮುಟ್ಟದೆ ಅಂಕಣದ ಪಕ್ಕದ ಪಟ್ಟಿಗೆ ಕಾಲಿಟ್ಟ. ಅದಕ್ಕೆ ಲಾಬಿ ಅನ್ನುತ್ತಾರೆ. ಯಾರನ್ನಾದರೂ ಮುಟ್ಟಿದ ಮೇಲೆ ಮಾತ್ರ ಅದರೊಳಗೆ ಹೋಗಬಹುದು. ಇವಳು ಸರಿಯಾಗಿಯೇ ಸೀಟಿ ಊದಿ, ಔಟ್ ಎಂದು ಕೈ ತೋರಿಸಿದಳು. ಅವನು ಹತ್ತಿರ ಬಂದು, ಮಗಳ, ಸರಿಯಾಗಿ ನೋಡು, ಮುಟ್ಟೀನಿ ಎಂದ. ಇವಳು “ಹೌದೇನ್ ಕಾಕಾ?” ಎಂದಳು. ಅಲ್ಲಿಗೆ ಕೆಲಸ ಕೆಟ್ಟಿತು. ಔಟ್ ಅಂದದ್ದನ್ನು ಹಿಂದಕ್ಕೆ ತೆಗೆದುಕೊಂಡಳು. ಈಗ ಎದುರು ತಂಡದ ಏಳೂ ಮಂದಿ ಬಂದು ಸುತ್ತ ನಿಂತರು. ಅಲ್ಲಿಂದ ಮುಂದೆ ಪ್ರತಿ ಸೀಟಿಗೂ ಒಂದು ಪಂಚಾಯಿತಿ. ಯಾರೋ ಹೊಲಸು ಮಾತೂ ಆಡಿದರು. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಹೇಳಿದೆ: ಇನ್ನೊಂದು ಸಲ ಹೀಗಾದರೆ ಸೀಟಿ ನನ್ನ ಕೈಗೆ ಕೊಡು, ಒಲೆಗೆ ಹಾಕುತ್ತೇನೆ. ಅವಳು ಹೂಂ ಅಂದಳು. ನಾನು ಆಡಿದ್ದನ್ನು ಮಾಡುವವಳೆಂದು ಅವಳಿಗೆ ಗೊತ್ತು.

ಮಾಸ್ತರು ಅವಳನ್ನು ಬೈಯಲಿಲ್ಲ. ಅಂಕಣದೊಳಗೆ ಕಾಕಾ, ಮಾಮಾ, ಅಣ್ಣ ಯಾರೂ ಇಲ್ಲ, ಬೆನ್ನ ಮೇಲೆ ನಂಬರು ಇದೆ, ಅದನ್ನು ಕರೆ ಅಂದರಂತೆ. ನಿನ್ನ ಜೊತೆ ಮಾತಾಡುವ ಹಕ್ಕು ನಾಯಕನೊಬ್ಬನಿಗೆ. ಸೀಟಿ ಒಂದೇ ಸಲ, ಜೋರಾಗಿ. ಕೈ ತೋರಿಸು, ಮುಂದಿನ ದಾಳಿಗೆ ಕರೆ. ಯಾಕೆ ಎಂದು ವಿವರಿಸುತ್ತ ನಿಂತರೆ ವಾದಕ್ಕೆ ಬಾಗಿಲು ತೆರೆದ ಹಾಗೆ. ಅವಳು ಇದನ್ನು ಮನೆಯಲ್ಲಿ ನನ್ನ ಮೇಲೆ ಕಲಿತಳು. ನಾನು ರೊಟ್ಟಿ ಬಡಿಯುತ್ತಿದ್ದರೆ ಹಿಂದಿನಿಂದ ಬಂದು, ನಂಬರ್ ಮೂರು, ಹಿಂದಕ್ಕ ಸರೀರಿ ಅನ್ನುವಳು. ಬಡಿಯುವ ಕೈಯಿಂದಲೇ ಒಂದು ಕೊಡಬೇಕೆನಿಸುತ್ತಿತ್ತು.

ಅಷ್ಟರಲ್ಲಿ ಮಸರಕಲ್‌ನಿಂದ ಫೋನು ಬಂತು. ಅವರಿಗೆ ಇವಳೇ ಬೇಕಂತೆ. ಊರಲ್ಲಿ ಹಳೆಯ ರೆಫರಿಗಳು ಇದ್ದೂ ಇವಳೇ ಯಾಕೆ? ಹೋದ ಮೇಲೆ ತಿಳಿಯಿತು. ಊರ ತಂಡದ ನಾಯಕನೇ ಪಂದ್ಯ ನಡೆಸುವ ಕಮಿಟಿಯ ಮುಖ್ಯಸ್ಥ. ಬೆನ್ನ ಮೇಲೆ ಏಳು. ವಯಸ್ಸು ಮೂವತ್ತೈದರ ಮೇಲೆ. ನೀರಮಾನ್ವಿಯ ಸುದ್ದಿ ಅವನಿಗೆ ಮುಟ್ಟಿರದೆ ಇರುತ್ತದೆಯೇ? ನನಗೆ ಕುರ್ಚಿ ಹಾಕಿಸಿದ, ಚಹ ತರಿಸಿದ. “ಯವ್ವಾ, ಕಾಳಜಿ ಮಾಡಬ್ಯಾಡ್ರಿ, ನಮ್ಮ ಮನಿ ಮಗಳು ಇದ್ದಂಗ” ಎಂದ. ಮನೆ ಮಗಳಾದರೆ ಗದರಿಸಬಹುದಲ್ಲ, ಅದಕ್ಕೇ ಕರೆಸಿದ್ದಾನೆ ಎಂದುಕೊಂಡೆ. ಚಹ ಮಾತ್ರ ಕುಡಿದೆ.

ಮೊಮ್ಮಗಳು ಅಂಕಣ ಪೂರ್ತಿ ನಡೆದು ನೋಡಿದಳು. ಹಿಂದಿನ ಬೋನಸ್ ಗೆರೆ ಮಾಸಿತ್ತು, ಸುಣ್ಣದ ಪುಡಿ ಮತ್ತೆ ಹಾಕಿಸಿದಳು. ಆಟಗಾರರನ್ನು ಸಾಲಾಗಿ ನಿಲ್ಲಿಸಿ, ಮೈಗೆ ಎಣ್ಣೆ ಹಚ್ಚಿದ್ದಾರೇನೋ, ಉಗುರು ಬೆಳೆಸಿದ್ದಾರೇನೋ ನೋಡಿದಳು. ಏಳನೆಯವನ ಉಗುರು ಉದ್ದ ಇತ್ತು. ಕತ್ತರಿಸಿಕೊಳ್ಳಿ ಅಂದಳು. ನನ್ನ ಹೆಂಡ್ತಿನೂ ಇಷ್ಟು ತಪಾಸಣಿ ಮಾಡಂಗಿಲ್ಲ ಎಂದು ಅವನು ನಗಿಸಿದ. ಎಲ್ಲರೂ ನಕ್ಕರು. ಇವಳು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಸುಮ್ಮನೆ ನಿಂತಳು. ನಗು ಮುಗಿಯಿತು, ಇವಳು ಇನ್ನೂ ನಿಂತೇ ಇದ್ದಳು. ಕೊನೆಗೆ ಯಾರೋ ಬ್ಲೇಡು ತಂದುಕೊಟ್ಟರು.

ಆಟದ ತುದಿಗೆ ಎರಡೂ ಕಡೆ ಅಂಕ ಸಮ ಇತ್ತು. ಏಳನೆಯವನು ದಾಳಿಗೆ ಹೋದ. ಎದುರಿಗೆ ಏಳೂ ಮಂದಿ ಇದ್ದರು, ಹಾಗಿದ್ದಾಗ ಬೋನಸ್ ಸಿಗುತ್ತದೆ. ಮುಂಗಾಲು ಗೆರೆ ದಾಟಿ ನೆಲ ಮುಟ್ಟುವಾಗ ಹಿಂಗಾಲು ಗಾಳಿಯಲ್ಲಿರಬೇಕು. ಅವನು ಮುಂಗಾಲು ಚಾಚಿ, ಹಿಂದೆ ಬಂದು ಹೆಬ್ಬೆರಳು ಎತ್ತಿ ಅಂಕ ಕೇಳಿದ. ಇಬ್ಬರು ಅಂಪೈರುಗಳಲ್ಲಿ ಒಬ್ಬ ಕೊಟ್ಟ, ಒಬ್ಬ ಇಲ್ಲವೆಂದ. ಅವರಿಬ್ಬರಿಗೆ ಹೊಂದದಿದ್ದರೆ ರೆಫರಿಯದೇ ಕೊನೆ ಮಾತು. ಇವಳು ಕೈ ಅಡ್ಡ ಆಡಿಸಿದಳು. ಇಲ್ಲ.

ಅವನು ಎದೆ ಸೆಟೆಸಿಕೊಂಡು ಬಂದ. “ಲೇ ಹುಡುಗಿ, ನೀ ಹುಟ್ಟೂಕಿಂತ ಮೊದಲಿಂದ ಆಡಾಕತ್ತೀನಿ ನಾ.”

“ನಂಬರ್ ಏಳು, ದೂರ ನಿಂತು ಮಾತಾಡ್ರಿ” ಎಂದು ಹಸಿರು ಕಾರ್ಡು ತೋರಿಸಿದಳು. ಅದು ಎಚ್ಚರಿಕೆ.

ನಾನು ಹಿಂದಿನ ಗೆರೆಯ ಹತ್ತಿರವೇ ಕುಳಿತಿದ್ದೆ. ಅವನ ಹಿಂಗಾಲಿನ ಬೆರಳು ಮಣ್ಣು ಗೀರಿದ್ದು ನನಗೆ ಕಂಡಿತ್ತು. ಎದ್ದು ನಿಂತು ಕೂಗಿದೆ: ಅವನ ಕಾಲು ನೆಲದ ಮ್ಯಾಲೆ ಇತ್ತು, ನಾ ನೋಡೀನಿ! ಅವನು ತಿರುಗಿ, ಮಂದಿಗೆಲ್ಲ ಕೇಳುವ ಹಾಗೆ, “ರೆಫರಿ ಯಾರಪ್ಪಾ, ಮೊಮ್ಮಗಳೋ ಮುದುಕಿಯೋ?” ಎಂದ. ಮಂದಿ ಸೀಟಿ ಹೊಡೆದರು. ಅವನಿಗೆ ಬೇಕಾದದ್ದನ್ನು ನಾನೇ ಕೈಯಲ್ಲಿ ಇಟ್ಟಿದ್ದೆ.

ಮೊಮ್ಮಗಳು ನನ್ನ ಕಡೆ ನೋಡಿದಳು. ಆಮೇಲೆ ಗೆರೆಯಾಚೆ ನಿಂತಿದ್ದ ಕಮಿಟಿಯ ಇನ್ನೊಬ್ಬನ ಕಡೆ.

“ಗೆರಿ ಹತ್ರ ನಿಂತ ಹಸಿರು ಸೀರಿಯವರನ್ನ ಹೊರಗ ಕಳಸ್ರಿ. ಅವರು ಹೋಗೂ ತನಕ ಆಟ ಶುರು ಆಗಂಗಿಲ್ಲ.”

ಮನೆಯಲ್ಲಿ ಕರೆಯುವ ಹಾಗೆ ಯವ್ವಾ ಅನ್ನಲಿಲ್ಲ. ನಲವತ್ತು ವರ್ಷ ಹತ್ತಿ ಹೊಲದಲ್ಲಿ ಕಳೆ ತೆಗೆದಿದ್ದೇನೆ, ಎಂಥೆಂಥ ಮೇಸ್ತ್ರಿಗಳನ್ನು ಕಂಡಿದ್ದೇನೆ, ಒಬ್ಬನೂ ನನ್ನನ್ನು ಹೀಗೆ ಎಬ್ಬಿಸಿರಲಿಲ್ಲ. ನಿಂತೇ ಇದ್ದೆ. ಅವಳು ಕೈಗಡಿಯಾರ ನೋಡಿದಳು. ಉಗುರಿಗೆ ಕಾದ ಹಾಗೆಯೇ ಕಾಯುತ್ತಿದ್ದಾಳೆಂದು ಗೊತ್ತಾಯಿತು. ಸೆರಗು ಸರಿ ಮಾಡಿಕೊಂಡು ಹೊರಟೆ. ನನ್ನ ಬೆನ್ನಿಗೆ ಅವನು ಇನ್ನೇನೋ ಅಂದ. ಸೀಟಿ ಕೇಳಿತು. ತಿರುಗಿದರೆ ಹಳದಿ ಕಾರ್ಡು ಮೇಲಿತ್ತು. ಎರಡು ನಿಮಿಷ ಹೊರಗೆ. ಅವನು ಬಾಯಿ ತೆರೆದ, ನನ್ನನ್ನು ನೋಡಿದ, ಗೆರೆ ದಾಟಿ ಹೊರಗೆ ಬಂದ. ಸ್ವಂತ ಅಜ್ಜಿಯನ್ನೇ ಹೊರಗೆ ಹಾಕಿದವಳ ಹತ್ತಿರ ಏನಂತ ವಾದಿಸುತ್ತಾನೆ?

ನಾನು ಬಯಲಿನ ಪಕ್ಕದ ಶಾಲೆಯ ಗೋಡೆಯ ಹಿಂದೆ ಕುಳಿತೆ. ಆಟ ಕಾಣುತ್ತಿರಲಿಲ್ಲ, ಸೀಟಿ ಮಾತ್ರ. ನೀರಮಾನ್ವಿಯಲ್ಲಿ ಒಂದು ಸೀಟಿ ಆದ ಮೇಲೆ ಗದ್ದಲ ಮುಗಿಯುವಷ್ಟರಲ್ಲಿ ಒಂದು ಎಲೆ ಅಡಿಕೆ ಅಗಿದು ಉಗುಳಬಹುದಿತ್ತು. ಇಲ್ಲಿ ಸೀಟಿ ಆಗುತ್ತಿತ್ತು, ಒಂದು ಕೂಗು, ಕೂಡಲೇ ಮತ್ತೆ ಕಬಡ್ಡಿ ಕಬಡ್ಡಿ. ಕೊನೆಯ ಉದ್ದ ಸೀಟಿಯವರೆಗೂ ಹಾಗೆಯೇ.

ಗೆದ್ದದ್ದು ಊರ ತಂಡವೇ, ಎರಡು ಅಂಕದಿಂದ. ಏಳನೆಯವನು ಬಂದು ಅವಳ ಕೈ ಕುಲುಕಿ, ಭೇಷ್ ಮೇಡಂ ಅಂದನಂತೆ. ಗೆದ್ದವನು ಏನಾದರೂ ಅನ್ನುತ್ತಾನೆ. ಸೋತಿದ್ದರೆ ಏನು ಅನ್ನುತ್ತಿದ್ದನೋ, ಅದು ನನಗೆ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ.

ಬಸ್ಸಿನಲ್ಲಿ ಅವಳ ಪಕ್ಕವೇ ಕುಳಿತೆ. ಆಮೇಲೆ ಕೇಳಿದೆ, ನಾ ಹೇಳಿದ್ದು ಸುಳ್ಳೇನು, ಅವನ ಕಾಲು ನೆಲಕ್ಕ ಇರಲಿಲ್ಲೇನು ಎಂದು.

“ಇತ್ತು. ಆದರ ನಿನ್ನ ಅಲ್ಲೇ ಬಿಟ್ಟಿದ್ರ, ನೀ ಹೇಳಿದ್ದಕ್ಕ ನಾ ಇಲ್ಲ ಅಂದಂಗ ಆಗ್ತಿತ್ತು, ಯವ್ವಾ” ಎಂದಳು. ನೀರಿನ ಬಾಟಲಿ ನನ್ನ ಕಡೆ ಚಾಚಿದಳು. ಸೀಟಿ ಅವಳ ಕೊರಳಲ್ಲೇ ಇತ್ತು, ಒಲೆಗೆ ಹಾಕಲು ಕೊಡು ಎಂದು ನಾನು ಕೇಳಲಿಲ್ಲ.

ಮುಂದಿನ ವಾರ ಕಲ್ಲೂರಿನಿಂದ ಫೋನು. ಹುಡುಗಿಯನ್ನು ಕಳಿಸಿ, ಮುದುಕಿ ಬೇಡ ಅಂದರಂತೆ. ಹುಡುಗಿ ಒಬ್ಬಳೇ ಯಾಕೆ ಬೇಕೋ ಅವರಿಗೆ? ನಾನು ಹೋದೆ. ಕಂದು ಸೀರೆ ಉಟ್ಟುಕೊಂಡು, ಮಂದಿಯ ಹಿಂದೆ ಕುಳಿತು, ಬಾಯಿಗೆ ಎಲೆ ಅಡಿಕೆ ತುಂಬಿಕೊಂಡು ಕೊನೆಯ ಸೀಟಿಯವರೆಗೂ ನೋಡಿದೆ.